ಟಿಬಿಯಾ ಕೂಡುತ್ತಿದೆಯೇ? ಎಕ್ಸ್‌ರೇಗಳನ್ನು ಸಾಲಾಗಿಟ್ಟು ಓದುವ ಬಗೆ

ಫಾಲೋಅಪ್‌ಗೆ ಬರುವವರು ಇವತ್ತು ತೆಗೆಸಿದ ಎಕ್ಸ್‌ರೇ ಒಂದನ್ನೇ ಹಿಡಿದುಕೊಂಡು ಬರುತ್ತಾರೆ. ಹಳೆಯವು ಮನೆಯಲ್ಲಿ ಬೀರುವಿನ ಮೇಲೆ ಇರುತ್ತವೆ. ಫಿಲ್ಮ್ ಕೊಟ್ಟು, ಕುರ್ಚಿಯಲ್ಲಿ ಕೂತು ಕೇಳುತ್ತಾರೆ: "ಡಾಕ್ಟ್ರೇ, ಮೂಳೆ ಕೂಡಿದೆಯಾ?" ಆ ಒಂದು ಫಿಲ್ಮ್ ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹೇಳಲು ಆಗುವುದಿಲ್ಲ. ಮೂಳೆ ಕೂಡುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಫಿಲ್ಮ್ ಅದರಲ್ಲಿ ಒಂದು ಕ್ಷಣವನ್ನು ಮಾತ್ರ ತೋರಿಸುತ್ತದೆ. ಕಳೆದ ಸಲಕ್ಕಿಂತ ಏನು ಬದಲಾಗಿದೆ ಎಂಬುದು ಗೊತ್ತಾದರೆ ಮಾತ್ರ ಮೂಳೆ ಮುಂದೆ ಹೋಗುತ್ತಿದೆಯೋ, ನಿಂತಿದೆಯೋ ಎಂದು ಹೇಳಬಹುದು.

ಹೌಸ್ ಸರ್ಜನ್‌ಗಳು, ಪಿಜಿ ವಿದ್ಯಾರ್ಥಿಗಳು, ತಾಲ್ಲೂಕು ಆಸ್ಪತ್ರೆಯಲ್ಲಿ ಒಪಿಡಿ ನೋಡುವ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ದಿನಾ ಇಂಥ ಫಿಲ್ಮ್ ನೋಡುತ್ತಾರೆ. ಅವರಿಗಾಗಿ ಒಂದೇ ಮೂಳೆಯನ್ನು ಆರಿಸಿಕೊಂಡು ಬರೆಯುತ್ತಿದ್ದೇನೆ. ಮೊಣಕಾಲ ಕೆಳಗಿನ ದೊಡ್ಡ ಮೂಳೆ, ಅಂದರೆ ಟಿಬಿಯಾ. ಅದು ನಡುವೆ ಮುರಿದು, ಒಳಗೆ ರಾಡ್ ಹಾಕಿರುವ ವಯಸ್ಕರ ಕಾಲು. ಬೈಕ್ ಅಪಘಾತದಲ್ಲಿ ಪದೇಪದೇ ಸಿಗುವ ಪೆಟ್ಟು ಇದು. ನಿಧಾನವಾಗಿ ಕೂಡಿ ನಮ್ಮನ್ನು ಕಾಯಿಸುವ ಮೂಳೆಯೂ ಇದೇ. ಇದರ ಮುಂಭಾಗದ ಒಳಮಗ್ಗುಲಿಗೆ ಮಾಂಸದ ಹೊದಿಕೆಯೇ ಇಲ್ಲ, ಚರ್ಮದ ಕೆಳಗೇ ಮೂಳೆ. ಹಾಗಾಗಿ ಆ ಕಡೆ ರಕ್ತ ಸಂಚಾರ ಕಡಿಮೆ. ಹಿಂದೆ ಮತ್ತು ಹೊರಮಗ್ಗುಲಿಗೆ ಸ್ನಾಯುಗಳಿವೆ, ಅಲ್ಲಿ ಹೊಸ ಮೂಳೆ ಬೇಗ ಕಾಣಿಸಿಕೊಳ್ಳುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಫಿಲ್ಮ್‌ನಲ್ಲಿ ಮೊದಲು ಎಲ್ಲಿ ನೋಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು, ಹೋಲಿಸಬಹುದಾದ ಫಿಲ್ಮ್ ಪಡೆಯಿರಿ

ಆಪರೇಷನ್ ಆದ ಮರುದಿನದ ಫಿಲ್ಮ್ ಎಲ್ಲಕ್ಕೂ ಅಳತೆಗೋಲು. ಅದನ್ನು ಕಳೆದುಕೊಳ್ಳಬೇಡಿ ಎಂದು ಡಿಸ್ಚಾರ್ಜ್ ದಿನವೇ ಮನೆಯವರಿಗೆ ಹೇಳಿ. ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಂಡರೂ ಸಾಕು, ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರತಿ ಸಲ ಎರಡು ನೋಟ ಬೇಕು: ಎದುರಿನಿಂದ ಒಂದು, ಪಕ್ಕದಿಂದ ಒಂದು. ಎರಡರಲ್ಲೂ ಮೇಲೆ ಮೊಣಕಾಲು, ಕೆಳಗೆ ಹಿಮ್ಮಡಿ ಗಂಟು ಕಾಣಬೇಕು. ಇಲ್ಲದಿದ್ದರೆ ಮೂಳೆ ಸೊಟ್ಟಗಾಗಿದೆಯೇ ಎಂದು ಅಳೆಯಲು ಆಗುವುದಿಲ್ಲ. ತುದಿಯಲ್ಲಿರುವ ಸ್ಕ್ರೂಗಳೂ ಫಿಲ್ಮ್‌ನಿಂದ ಹೊರಗೆ ಉಳಿದುಬಿಡುತ್ತವೆ. ಕಾಲು ತಿರುಗಿರುವ ರೀತಿಯೂ ಪ್ರತಿ ಸಲ ಒಂದೇ ಆಗಿರಬೇಕು. ಅದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ರಾಡ್‌ನ ಕೆಳತುದಿಯ ಸ್ಕ್ರೂ ನೋಡಿ. ಹಿಂದಿನ ಫಿಲ್ಮ್‌ನಲ್ಲಿ ಅದು ಉದ್ದಕ್ಕೆ ಕಂಡಿತ್ತು, ಈಗ ಗಿಡ್ಡವಾಗಿಯೋ ಚುಕ್ಕೆಯಂತೆಯೋ ಕಾಣುತ್ತಿದೆ ಎಂದರೆ ಕಾಲು ತಿರುಗಿದೆ. ಆ ಎರಡು ಫಿಲ್ಮ್‌ಗಳನ್ನು ನೇರವಾಗಿ ಹೋಲಿಸುವ ಹಾಗಿಲ್ಲ.

ಇದು ಯಾಕೆ ಇಷ್ಟು ಮುಖ್ಯ? ಮುರಿದ ಗೆರೆ ಕಪ್ಪಗೆ ಕಾಣಬೇಕಾದರೆ ಎಕ್ಸ್‌ರೇ ಕಿರಣ ಆ ಗೆರೆಯ ಸಂದಿನಲ್ಲಿ ನೇರವಾಗಿ ಹಾಯಬೇಕು. ಕಿರಣ ಸ್ವಲ್ಪ ಓರೆಯಾದರೆ ಮೇಲಿನ ತುಂಡಿನ ಅಂಚು ಕೆಳಗಿನ ತುಂಡಿನ ಮೇಲೆ ಬಿದ್ದು ಗೆರೆ ಮುಚ್ಚಿಹೋಗುತ್ತದೆ. ಮೂಳೆ ಏನೂ ಕೂಡಿರುವುದಿಲ್ಲ, ಫಿಲ್ಮ್ ಮಾತ್ರ ಕೂಡಿದ ಹಾಗೆ ಕಾಣುತ್ತದೆ. ನಾನು ಪಿಜಿ ಮಾಡುವಾಗ ಇಂಥದೇ ಫಿಲ್ಮ್ ನೋಡಿ ಒಬ್ಬರಿಗೆ "ಕೂಡಿದೆ, ಕೋಲು ಬಿಡಿ" ಎಂದುಬಿಟ್ಟಿದ್ದೆ. ಒಂದೂವರೆ ತಿಂಗಳ ನಂತರ ನೋವೆಂದು ಅವರು ತಿರುಗಿ ಬಂದರು. ಸರಿಯಾದ ಕೋನದಲ್ಲಿ ತೆಗೆಸಿದ ಫಿಲ್ಮ್‌ನಲ್ಲಿ ಗೆರೆ ಮೊದಲಿದ್ದ ಹಾಗೆಯೇ ಇತ್ತು. ಅವತ್ತಿನಿಂದ ನನಗೆ ಸಂಶಯ ಬಂದರೆ 45 ಡಿಗ್ರಿ ಓರೆಯಾಗಿ ಇನ್ನೆರಡು ನೋಟ ಕೇಳುತ್ತೇನೆ. ಎಕ್ಸ್‌ಪೋಷರ್ ಕೂಡ ನೋಡಿಕೊಳ್ಳಬೇಕು. ತೀರಾ ಕಪ್ಪಾದ ಫಿಲ್ಮ್‌ನಲ್ಲಿ ಎಳೆಯ ಕ್ಯಾಲಸ್, ಅಂದರೆ ಮುರಿದ ಜಾಗವನ್ನು ಕೂಡಿಸಲು ಬೆಳೆಯುವ ಹೊಸ ಕಟ್ಟು, ಕಣ್ಣಿಗೇ ಬೀಳುವುದಿಲ್ಲ.

ಮೊದಲ ಆರು ವಾರ: ಕೆಲಸ ನಡೆದಿದೆ, ಕಾಣುತ್ತಿಲ್ಲ

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಹೊಸ ಜೀವಕೋಶಗಳು ಅಲ್ಲಿಗೆ ಬರುತ್ತವೆ. ಎರಡು ಮೂರು ವಾರದ ಹೊತ್ತಿಗೆ ನಾರು ಮತ್ತು ಮೃದ್ವಸ್ಥಿಯಿಂದ ಆದ ಒಂದು ಮೆತ್ತನೆಯ ಕಟ್ಟು ತುಂಡುಗಳನ್ನು ಹಿಡಿದುಕೊಳ್ಳುತ್ತದೆ. ಇದೇ ಮೆತ್ತನೆ ಕ್ಯಾಲಸ್. ಕಿವಿಯ ಹಾಲೆ ಮುಟ್ಟಿ ನೋಡಿ, ಅದರ ಮೇಲುಭಾಗದಲ್ಲಿ ಬಾಗುವಂತಿರುತ್ತದಲ್ಲ, ಹೆಚ್ಚೂಕಡಿಮೆ ಅಂಥ ವಸ್ತು. ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಎಕ್ಸ್‌ರೇಗೆ ಬಿಳಿಯಾಗಿ ಕಾಣಲು ಕ್ಯಾಲ್ಸಿಯಂ ಬೇಕು. ಹಾಗಾಗಿ ಈ ಹಂತದ ಫಿಲ್ಮ್‌ನಲ್ಲಿ ಮುರಿತದ ಸುತ್ತ ಖಾಲಿ ಜಾಗವೇ ಕಾಣುತ್ತದೆ.

ಹೆದರಿಸುವ ಇನ್ನೊಂದು ವಿಷಯ ಇದೆ. ಎರಡು ಮೂರು ವಾರದ ಫಿಲ್ಮ್‌ನಲ್ಲಿ ಮುರಿದ ಗೆರೆ ಮೊದಲಿಗಿಂತ ಅಗಲವಾಗಿ ಕಾಣಬಹುದು. ಮೂಳೆಯ ಅಂಚಿನಲ್ಲಿ ಸತ್ತ ಭಾಗವನ್ನು ಮೂಳೆ ತಿನ್ನುವ ಕೋಶಗಳು ತೆಗೆದುಹಾಕುತ್ತಿರುತ್ತವೆ, ಅದಕ್ಕೆ. ಅಂಚು ಚೂಪು ಕಳೆದುಕೊಂಡು ಮಸುಕಾಗುತ್ತದೆ. ಇದು ಹಿನ್ನಡೆ ಅಲ್ಲ, ಮನೆ ಕಟ್ಟುವ ಮೊದಲು ಹಳೆ ಗಾರೆ ಕೆರೆಯುವ ಕೆಲಸ. ಮೂರು ವಾರದಲ್ಲಿ "ಏನೂ ಕೂಡಿಲ್ಲ, ಸಂದು ದೊಡ್ಡದಾಗಿದೆ" ಎಂದು ಹೇಳಿಬಿಟ್ಟರೆ ರೋಗಿ ಧೈರ್ಯ ಕಳೆದುಕೊಂಡು ಕಾಲು ಊರುವುದನ್ನೇ ನಿಲ್ಲಿಸುತ್ತಾರೆ. ಈ ಹಂತದ ಫಿಲ್ಮ್ ನೋಡುವುದು ರಾಡ್, ಸ್ಕ್ರೂ, ಮೂಳೆಯ ನೇರ ಸರಿಯಾಗಿವೆಯೇ ಎಂದು ತಿಳಿಯಲು ಮಾತ್ರ.

ವಯಸ್ಕರ ಟಿಬಿಯಾದಲ್ಲಿ ಮೊದಲ ಗುರುತು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಕಾಣುತ್ತದೆ. ಮಕ್ಕಳಲ್ಲಿ ಇನ್ನೂ ಬೇಗ. ಪಕ್ಕದ ನೋಟದಲ್ಲಿ ಹಿಂಭಾಗ ನೋಡಿ, ಎದುರಿನ ನೋಟದಲ್ಲಿ ಹೊರಮಗ್ಗುಲು ನೋಡಿ. ಮೂಳೆಯ ಹೊರ ಅಂಚಿಗೆ ಅಂಟಿಕೊಂಡ ಹಾಗೆ, ಹತ್ತಿ ಎಳೆದಿಟ್ಟಂಥ ಒಂದು ಮಸುಕು ಬಿಳುಪು ಇರುತ್ತದೆ. ಅದೇ ಗಟ್ಟಿ ಕ್ಯಾಲಸ್‌ನ ಆರಂಭ. ಮೆತ್ತನೆ ಕಟ್ಟಿನಲ್ಲಿ ಕ್ಯಾಲ್ಸಿಯಂ ತುಂಬಿ ಅದು ಮೂಳೆಯಾಗುತ್ತಿದೆ ಎಂದರ್ಥ.

ಒಂದು ಎಚ್ಚರಿಕೆ. ಪ್ಲೇಟ್ ಹಾಕಿ ತುಂಡುಗಳನ್ನು ಒತ್ತಿ ಬಿಗಿದ ಮೂಳೆಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಅಲುಗಾಟವೇ ಇಲ್ಲದ ಕಾರಣ ಮೂಳೆ ನೇರವಾಗಿ ಮೂಳೆಗೆ ಬೆಸೆದುಕೊಳ್ಳುತ್ತದೆ, ಕ್ಯಾಲಸ್ ಬರುವುದಿಲ್ಲ. ಗೆರೆ ಮಾತ್ರ ಮೆಲ್ಲಗೆ ಮಾಸುತ್ತದೆ. ಅಂಥ ಕಡೆ ಕ್ಯಾಲಸ್ ಕಂಡರೆ ಪ್ಲೇಟ್ ಅಲುಗುತ್ತಿದೆಯೇ ಎಂದು ಯೋಚಿಸಬೇಕು. ರಾಡ್ ಹಾಗಲ್ಲ. ಅದು ಸ್ವಲ್ಪ ಅಲುಗಾಟ ಬಿಡುತ್ತದೆ, ಆ ಅಲುಗಾಟವೇ ಕ್ಯಾಲಸ್ ಬೆಳೆಸುತ್ತದೆ.

ನಾಲ್ಕು ಗೋಡೆ, ನಾಲ್ಕು ಅಂಕ

"ಕ್ಯಾಲಸ್ ಚೆನ್ನಾಗಿದೆ" ಎಂದು ಕೇಸ್ ಶೀಟ್‌ನಲ್ಲಿ ಬರೆದರೆ ಮುಂದಿನ ಸಲ ನೋಡುವವರಿಗೆ ಏನೂ ಸಿಗುವುದಿಲ್ಲ. ಅಳತೆ ಬೇಕು. ರಾಡ್ ಹಾಕಿದ ಟಿಬಿಯಾಗೆಂದೇ ಮಾಡಿರುವ ರಸ್ಟ್ ಸ್ಕೋರ್ ಇದಕ್ಕೆ ಒಳ್ಳೆಯ ಸಾಧನ. ಅದು 2010ರಲ್ಲಿ ಪ್ರಕಟವಾಯಿತು.

ಟಿಬಿಯಾವನ್ನು ನಾಲ್ಕು ಗೋಡೆಯ ಕೊಳವೆ ಎಂದುಕೊಳ್ಳಿ. ಎದುರಿನ ನೋಟದಲ್ಲಿ ಒಳಮಗ್ಗುಲು ಮತ್ತು ಹೊರಮಗ್ಗುಲಿನ ಗೋಡೆ ಕಾಣುತ್ತವೆ. ಪಕ್ಕದ ನೋಟದಲ್ಲಿ ಮುಂದಿನದು ಮತ್ತು ಹಿಂದಿನದು. ಒಂದೊಂದು ಗೋಡೆಗೂ ಬೇರೆಬೇರೆ ಅಂಕ. ಕ್ಯಾಲಸ್ ಇಲ್ಲ, ಗೆರೆ ಕಾಣುತ್ತಿದೆ ಎಂದರೆ 1. ಕ್ಯಾಲಸ್ ಇದೆ, ಆದರೂ ಗೆರೆ ಕಾಣುತ್ತಿದೆ ಎಂದರೆ 2. ಕ್ಯಾಲಸ್ ಈ ತುಂಡಿನಿಂದ ಆ ತುಂಡಿಗೆ ಸೇತುವೆ ಕಟ್ಟಿದೆ, ಗೆರೆ ಕಾಣುತ್ತಿಲ್ಲ ಎಂದರೆ 3. ಕೂಡಿಸಿದರೆ ಅತಿ ಕಡಿಮೆ 4, ಅತಿ ಹೆಚ್ಚು 12. ಆಪರೇಷನ್ ಮರುದಿನ ಎಲ್ಲರದೂ 4.

ಜಾಸ್ತಿ ಜನ ತಪ್ಪುವುದು 2 ಮತ್ತು 3ರ ನಡುವೆ. ಎರಡೂ ಕಡೆಯಿಂದ ಕ್ಯಾಲಸ್ ಉಬ್ಬಿ ಬಂದು ನಡುವೆ ಮುಟ್ಟಿದ ಹಾಗೆ ಇರುತ್ತದೆ. ದೂರದಿಂದ ನೋಡಿದರೆ ಸೇತುವೆ. ಹತ್ತಿರ ಹೋಗಿ ನೋಡಿದರೆ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಆ ಗೆರೆ ಇದ್ದರೆ ಅದು 2, 3 ಅಲ್ಲ. ಬೆರಳು ಅಥವಾ ಪೆನ್ನಿನ ತುದಿಯನ್ನು ಮೇಲಿನ ತುಂಡಿನ ಹೊರ ಅಂಚಿನ ಮೇಲಿಟ್ಟು ಕೆಳಕ್ಕೆ ಜಾರಿಸಿಕೊಂಡು ಹೋಗಿ. ಎಲ್ಲೂ ಕಡಿಯದೆ ಕೆಳಗಿನ ತುಂಡಿಗೆ ಹೋದರೆ ಮಾತ್ರ 3 ಕೊಡಿ.

ನಾಲ್ಕರಲ್ಲಿ ಮೂರು ಗೋಡೆಗೆ ಸೇತುವೆ ಬಿದ್ದಿದ್ದರೆ ಮೂಳೆ ಕೂಡಿದೆ ಎಂದು ಒಪ್ಪುವುದು ರೂಢಿ. ಸ್ಕೋರ್‌ನಲ್ಲಿ ಹೇಳುವುದಾದರೆ 10ರ ಸುತ್ತಮುತ್ತ. ಅದು ಗೀಟು ಹಾಕಿದಂಥ ಗಡಿ ಅಲ್ಲ. ಅಂಕದ ನಿಜವಾದ ಉಪಯೋಗ ಏರಿಕೆ ನೋಡುವುದರಲ್ಲಿದೆ. 6 ಇದ್ದದ್ದು ಆರು ವಾರದಲ್ಲಿ 8 ಆಗಿದೆ ಎಂದರೆ ನಾನು ನೆಮ್ಮದಿಯಿಂದ ಕಾಯುತ್ತೇನೆ. 7 ಇದ್ದದ್ದು 7 ಆಗಿಯೇ ಉಳಿದಿದ್ದರೆ ಕುರ್ಚಿ ಮುಂದಕ್ಕೆಳೆದು ಕೂರುತ್ತೇನೆ.

ಒಬ್ಬರ ಆರು ಫಿಲ್ಮ್

ಇದು ಹಲವು ರೋಗಿಗಳಲ್ಲಿ ಕಂಡದ್ದನ್ನು ಸೇರಿಸಿ ಮಾಡಿದ ಉದಾಹರಣೆ. 34 ವರ್ಷದ ಆಟೋ ಚಾಲಕ. ಟಿಬಿಯಾ ನಡುವೆ ಅಡ್ಡಲಾಗಿ ಮುರಿದಿದೆ, ಗಾಯ ಬಾಯಿ ತೆರೆದಿಲ್ಲ. ರಾಡ್ ಹಾಕಿ ಮೇಲೆ ಕೆಳಗೆ ಸ್ಕ್ರೂ ಬಿಗಿಯಲಾಗಿದೆ. ಮರುದಿನದ ಫಿಲ್ಮ್‌ನಲ್ಲಿ ಮೂಳೆ ನೇರವಾಗಿದೆ, ಮುಂಭಾಗದಲ್ಲಿ ಸುಮಾರು 2 ಮಿ.ಮೀ. ಸಂದು ಉಳಿದಿದೆ. ಸ್ಕೋರ್ 4.

ಆರನೇ ವಾರ. ಹಿಂದಿನ ಗೋಡೆ ಮತ್ತು ಹೊರಮಗ್ಗುಲಿನ ಗೋಡೆಯಲ್ಲಿ ಮಸುಕು ಕ್ಯಾಲಸ್. ಉಳಿದೆರಡು ಗೋಡೆ ಖಾಲಿ. 2, 2, 1, 1, ಒಟ್ಟು 6. ಸರಿಯಾದ ದಾರಿಯಲ್ಲೇ ಇದೆ. ಎರಡು ಊರುಗೋಲಿನ ಮೇಲೆ ಕಾಲು ಊರಿ ನಡೆಯಲು ಹೇಳಲಾಗುತ್ತದೆ.

ಹನ್ನೆರಡನೇ ವಾರ. ಒಳಮಗ್ಗುಲಿನಲ್ಲೂ ಸ್ವಲ್ಪ ಕ್ಯಾಲಸ್ ಬಂದಿದೆ. ಹಿಂದಿನ ಕ್ಯಾಲಸ್ ದಪ್ಪಗಾಗಿದೆ, ಗೆರೆ ಮಾತ್ರ ಉಳಿದಿದೆ. ಮುಂಭಾಗ ಇನ್ನೂ ಖಾಲಿ. ಒಟ್ಟು 7. ಏರಿಕೆ ಇದೆ, ಆದರೆ ನಿಧಾನ. ಈ ಹಂತದಲ್ಲಿ ಯಾರೂ ಗಾಬರಿ ಬೀಳಬೇಕಾಗಿಲ್ಲ.

ಹದಿನೆಂಟನೇ ವಾರ. ಒಟ್ಟು ಮತ್ತೆ 7. ಇಲ್ಲಿ ಸಂಖ್ಯೆ ಬಿಟ್ಟು ಫಿಲ್ಮ್‌ಗೆ ಕಣ್ಣು ಹತ್ತಿರ ತರಬೇಕು. ಹನ್ನೆರಡನೇ ವಾರದ ಫಿಲ್ಮ್ ಪಕ್ಕದಲ್ಲಿ ಇಟ್ಟರೆ ಮೂರು ಸಂಗತಿ ಕಾಣುತ್ತವೆ. ಕ್ಯಾಲಸ್‌ನ ಅಂಚು ಮೊದಲು ಹತ್ತಿಯಂತೆ ಮಸುಕಾಗಿತ್ತು, ಈಗ ನಯವಾಗಿ ಗಟ್ಟಿಯಾಗಿದೆ. ಆದರೂ ಸೇತುವೆ ಬಿದ್ದಿಲ್ಲ. ಅಂದರೆ ಬೆಳೆಯುವುದು ನಿಂತಿದೆ. ಎರಡನೆಯದು, ಮುರಿದ ಅಂಚುಗಳು ಸುತ್ತಲಿನ ಮೂಳೆಗಿಂತ ಹೆಚ್ಚು ಬೆಳ್ಳಗಾಗತೊಡಗಿವೆ. ಮೂರನೆಯದು, ಗೆರೆ ಆರನೇ ವಾರದಲ್ಲಿ ಇದ್ದಷ್ಟೇ ಸ್ಪಷ್ಟ. ಸ್ಕ್ರೂಗಳ ಸುತ್ತ ಕಪ್ಪು ವರ್ತುಲವಿಲ್ಲ, ಯಾವುದೂ ಮುರಿದಿಲ್ಲ, ಮೂಳೆ ಸೊಟ್ಟಗಾಗಿಲ್ಲ. ಕಾಲು ಊರಿದರೆ ಮುರಿದ ಜಾಗದಲ್ಲೇ ನೋವು. ಬೆರಳಿಂದ ಒತ್ತಿದರೂ ನೋವು.

ಇದಕ್ಕೆ ತಡವಾದ ಕೂಡಿಕೆ ಎನ್ನುತ್ತೇವೆ. ಟಿಬಿಯಾಗೆ 16ರಿಂದ 20 ವಾರ ಎಂಬ ಸಾಮಾನ್ಯ ಲೆಕ್ಕವಿದೆ. ಆದರೆ ವಾರ ಎಣಿಸುವುದು ಒಂದೇ ಸಾಲದು. ಆರು ವಾರದ ಅಂತರದ ಎರಡು ಫಿಲ್ಮ್‌ನಲ್ಲಿ ಬದಲಾವಣೆ ಇಲ್ಲ, ಜೊತೆಗೆ ಅದೇ ಜಾಗದಲ್ಲಿ ನೋವಿದೆ. ಇವೆರಡೂ ಸೇರಿದಾಗ ಗಟ್ಟಿಯಾಗಿ ಹೇಳಬಹುದು.

ಮುಂದೆ ಏನು ಮಾಡಬೇಕು? ಆಪರೇಷನ್ ಥಿಯೇಟರ್‌ಗೆ ಓಡುವ ಅಗತ್ಯವಿಲ್ಲ. ಟಿಬಿಯಾಗೆ ರಾಡ್ ಹಾಕಿದವರ ಮೇಲೆ ನಡೆದ ಸ್ಪ್ರಿಂಟ್ ಎಂಬ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸಾವಿರದ ಇನ್ನೂರಕ್ಕಿಂತ ಹೆಚ್ಚು ರೋಗಿಗಳಿದ್ದ ಆ ಅಧ್ಯಯನದಲ್ಲಿ ಆರು ತಿಂಗಳಿಗೆ ಮೊದಲು ಮತ್ತೆ ಆಪರೇಷನ್ ಮಾಡಬೇಡಿ ಎಂಬ ನಿಯಮ ಇಟ್ಟಿದ್ದರು. ಹಾಗೆ ಕಾದಾಗ ಎರಡನೇ ಆಪರೇಷನ್ ಬೇಕಾದವರು ಕಡಿಮೆಯಾದರು. ನಿಧಾನವಾಗಿದ್ದ ಎಷ್ಟೋ ಮೂಳೆಗಳು ತಾವಾಗಿಯೇ ಕೂಡಿದವು. ಆದರೆ ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಕಾರಣ ಹುಡುಕಬೇಕು.

ನಮ್ಮ ಆಟೋ ಚಾಲಕರ ಜೊತೆ ಹತ್ತು ನಿಮಿಷ ಕೂತು ಮಾತಾಡಿದರೆ ಮೂರು ವಿಷಯ ಹೊರಬರುತ್ತದೆ. ದಿನಕ್ಕೆ ಒಂದು ಕಟ್ಟು ಬೀಡಿ. ನೋವಿಗೆ ಮೆಡಿಕಲ್ ಶಾಪ್‌ನಿಂದ ತಾವೇ ತಂದು ಎರಡು ತಿಂಗಳಿಂದ ನುಂಗುತ್ತಿರುವ ಮಾತ್ರೆ, ಊತ ಇಳಿಸುವ ಗುಂಪಿಗೆ ಸೇರಿದ್ದು. ಇನ್ನೊಂದು, ಕಾಲು ಊರಲು ಹೇಳಿದ್ದರೂ ರಾಡ್ ಮುರಿದೀತು ಎಂಬ ಭಯದಿಂದ ಬರೀ ಬೆರಳತುದಿ ತಾಗಿಸಿ ನಡೆದಿದ್ದಾರೆ. ಬೀಡಿ ಸಿಗರೇಟು ಮೂಳೆಗೆ ಹೋಗುವ ರಕ್ತ ಕುಗ್ಗಿಸುತ್ತದೆ, ಟಿಬಿಯಾ ಕೂಡುವುದನ್ನು ತಡಮಾಡುವುದರಲ್ಲಿ ಅದರ ಪಾತ್ರ ಚೆನ್ನಾಗಿ ಗೊತ್ತಿರುವ ವಿಷಯ. ಊತ ಇಳಿಸುವ ಮಾತ್ರೆಗಳು ದೀರ್ಘಕಾಲ ಬೇಡ. ಕಾಲಿನ ಮೇಲೆ ಭಾರ ಬಿದ್ದರೆ ತುಂಡುಗಳು ಒಂದಕ್ಕೊಂದು ಒತ್ತಿ ಕ್ಯಾಲಸ್‌ಗೆ ಬೆಳೆಯುವ ಪ್ರಚೋದನೆ ಸಿಗುತ್ತದೆ, ಅವರು ಅದನ್ನೇ ಕೊಟ್ಟಿರಲಿಲ್ಲ. ಸೋಂಕು ಇಲ್ಲ ಎಂದು ತಿಳಿಯಲು ಇಎಸ್‌ಆರ್, ಸಿಆರ್‌ಪಿ ಮಾಡಿಸುತ್ತೇವೆ. ಸಕ್ಕರೆ, ವಿಟಮಿನ್ ಡಿ ಕೂಡ ನೋಡುತ್ತೇವೆ. ಎಲ್ಲ ಸರಿಯಿದೆ. ಬೀಡಿ ಬಿಡಿಸಿ, ಮಾತ್ರೆ ಬದಲಿಸಿ, ಫಿಸಿಯೋಥೆರಪಿಸ್ಟ್ ಜೊತೆ ಪೂರ್ತಿ ಭಾರ ಹಾಕಿ ನಡೆಯುವುದನ್ನು ಶುರು ಮಾಡಿಸುತ್ತೇವೆ.

ಇಪ್ಪತ್ತನಾಲ್ಕನೇ ವಾರ. ಹಿಂದಿನ ಗೋಡೆಯಲ್ಲಿ ಸೇತುವೆ ಬಿದ್ದಿದೆ, ಮುಂಭಾಗದಲ್ಲಿ ಮೊದಲ ಸಲ ಕ್ಯಾಲಸ್ ಇಣುಕಿದೆ. 3, 2, 2, 2, ಒಟ್ಟು 9. ಕ್ಯಾಲಸ್‌ನ ಅಂಚು ಮತ್ತೆ ಮಸುಕು. ಈ ಮಸುಕನ್ನು ನೋಡಿದರೆ ನನಗೆ ಅಂಕಕ್ಕಿಂತ ಹೆಚ್ಚು ಖುಷಿ, ಯಾಕೆಂದರೆ ಬೆಳವಣಿಗೆ ಮತ್ತೆ ಶುರುವಾಗಿದೆ ಎಂದು ಅದು ಹೇಳುತ್ತದೆ. ಎಂಟನೇ ತಿಂಗಳ ಫಿಲ್ಮ್‌ನಲ್ಲಿ ಮೂರು ಗೋಡೆ ಸೇತುವೆ, 11. ನೋವಿಲ್ಲದೆ ಕೋಲಿಲ್ಲದೆ ನಡೆಯುತ್ತಾರೆ.

ಕಾಯಬಾರದ ಫಿಲ್ಮ್ ಯಾವುದು?

ಇದೇ ಕತೆಯಲ್ಲಿ ಕೆಲವು ಗುರುತು ಬೇರೆಯಾಗಿದ್ದರೆ ನಿರ್ಧಾರವೂ ಬೇರೆಯಾಗುತ್ತಿತ್ತು. ಮುಖ್ಯವಾದದ್ದು ಲೋಹದ ಕತೆ. ರಾಡ್ ಕಾಲಿನ ಭಾರ ಹೊರುತ್ತಿರುತ್ತದೆ. ಅದು ಗಟ್ಟಿಯಾಗಿರುವ ತನಕ ಮೂಳೆ ಕೂಡದಿದ್ದರೂ ಕೆಲವರಿಗೆ ನೋವೇ ಇರುವುದಿಲ್ಲ. ಹಾಗಾಗಿ "ನೋವಿಲ್ಲ" ಎಂಬ ಮಾತನ್ನು ಒಂದೇ ನಂಬಬಾರದು. ಲೋಹ ಸಾವಿರಾರು ಹೆಜ್ಜೆಗೆ ಆಯಾಸಗೊಂಡು ಒಂದು ದಿನ ಸೋಲುತ್ತದೆ. ಮೊದಲು ಸೋಲುವುದು ತೆಳ್ಳಗಿನ ಸ್ಕ್ರೂ. ಒಂದು ಸ್ಕ್ರೂ ಮುರಿದಿರುವುದು ಕಂಡರೆ ಮುರಿತದ ಜಾಗ ಇನ್ನೂ ಅಲುಗುತ್ತಿತ್ತು ಎಂದು ತಿಳಿಯಿರಿ. ಕೆಲವೊಮ್ಮೆ ಸ್ಕ್ರೂ ಮುರಿದ ಮೇಲೆ ತುಂಡುಗಳು ಹತ್ತಿರ ಬಂದು ಮೂಳೆ ಕೂಡುವುದೂ ಉಂಟು, ಆದ್ದರಿಂದ ಅಲ್ಲಿಯೂ ಮುಂದಿನ ಫಿಲ್ಮ್ ಬೇಕು. ರಾಡ್ ಬಾಗಿದ್ದರೆ, ಮೂಳೆ ಸೊಟ್ಟಗಾಗುತ್ತಿದ್ದರೆ ಕಾಯುವ ಮಾತಿಲ್ಲ.

ಸ್ಕ್ರೂ ಸುತ್ತ ಕಪ್ಪು ವರ್ತುಲ ಬಂದಿದ್ದರೆ ಅದು ಸಡಿಲವಾಗಿದೆ. ಅದರ ಜೊತೆಗೆ ಮೂಳೆಯ ಒಳಗೋಡೆ ಅಲ್ಲಲ್ಲಿ ತಿಂದ ಹಾಗಿದ್ದರೆ, ಸಿಆರ್‌ಪಿ ಏರಿದ್ದರೆ ಸೋಂಕು ಎಂದೇ ಮೊದಲು ಯೋಚಿಸಿ. ಬಾಯಿ ತೆರೆದ ಗಾಯ ಆಗಿದ್ದವರಲ್ಲಂತೂ ಇದನ್ನು ಮರೆಯಲೇಬಾರದು.

ಇನ್ನು ಕ್ಯಾಲಸ್‌ನ ಆಕಾರ. ಆನೆಯ ಪಾದದಂತೆ ಅಗಲವಾಗಿ ಉಬ್ಬಿದ ಕ್ಯಾಲಸ್ ಇದೆ, ನಡುವೆ ಗೆರೆ ಮಾತ್ರ ಹೋಗಿಲ್ಲ ಎಂದರೆ ಮೂಳೆಗೆ ಜೀವ ಇದೆ, ಸ್ಥಿರತೆ ಸಾಲುತ್ತಿಲ್ಲ. ಅಂಥವರಿಗೆ ಇನ್ನೂ ದಪ್ಪನೆ ರಾಡ್ ಹಾಕಿದರೆ ಸಾಮಾನ್ಯವಾಗಿ ಕೂಡುತ್ತದೆ. ಕ್ಯಾಲಸ್ ಇಲ್ಲವೇ ಇಲ್ಲ, ತುದಿಗಳು ಪೆನ್ಸಿಲ್ ಚೂಪು ಮಾಡಿದ ಹಾಗೆ ಸಣ್ಣಗಾಗುತ್ತಿವೆ ಎಂದರೆ ಮೂಳೆಯ ಜೀವಶಕ್ತಿಯೇ ಸೋತಿದೆ. ಅಲ್ಲಿ ಬಹಳಷ್ಟು ಸಲ ಸೊಂಟದ ಮೂಳೆಯಿಂದ ಕಸಿ ಬೇಕಾಗುತ್ತದೆ. ಪಕ್ಕದ ಸಣ್ಣ ಮೂಳೆ ಫಿಬುಲಾವನ್ನೂ ನೋಡಿ. ಅದು ಮುರಿಯದೆ ಉಳಿದಿದ್ದರೆ, ಅಥವಾ ಮೊದಲೇ ಕೂಡಿಬಿಟ್ಟಿದ್ದರೆ, ಊರುಗಂಬದಂತೆ ನಿಂತು ಟಿಬಿಯಾ ತುಂಡುಗಳು ಒಂದಕ್ಕೊಂದು ಒತ್ತದ ಹಾಗೆ ತಡೆಯಬಹುದು.

ಒಂಬತ್ತು ತಿಂಗಳು ಕಳೆದಿದೆ, ಕೊನೆಯ ಮೂರು ತಿಂಗಳಲ್ಲಿ ಫಿಲ್ಮ್ ಏನೂ ಬದಲಾಗಿಲ್ಲ, ಅಂಚುಗಳು ಬೆಳ್ಳಗೆ ದುಂಡಗಾಗಿ ನಡುವಿನ ಮಜ್ಜೆಯ ನಾಳ ಮುಚ್ಚಿದೆ. ಇದು ತಡವಲ್ಲ, ಕೂಡದ ಮೂಳೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಸೇತುವೆ ಇದೆಯೋ ಇಲ್ಲವೋ ತಿಳಿಯದೆ ನಿರ್ಧಾರ ಸಿಕ್ಕಿಹಾಕಿಕೊಂಡರೆ ಮಾತ್ರ ಸಿಟಿ ಮಾಡಿಸಿ. ಪ್ರತಿ ಭೇಟಿಗೂ ಸಿಟಿ ಬೇಡ, ವಿಕಿರಣವೂ ಜಾಸ್ತಿ, ಖರ್ಚೂ ಜಾಸ್ತಿ.

ಕೂಡಿದ ಮೇಲಿನ ಫಿಲ್ಮ್

ಸೇತುವೆ ಬಿದ್ದ ದಿನ ಮೂಳೆಯ ಕೆಲಸ ಮುಗಿಯುವುದಿಲ್ಲ. ಮೊದಲ ಗಟ್ಟಿ ಕ್ಯಾಲಸ್ ಅವಸರದಲ್ಲಿ ಹೆಣೆದದ್ದು, ಎಳೆಗಳು ಅಡ್ಡಾದಿಡ್ಡಿ ಇರುತ್ತವೆ. ನಡೆಯುವಾಗ ಭಾರ ಯಾವ ದಾರಿಯಲ್ಲಿ ಇಳಿಯುತ್ತದೋ ಆ ದಾರಿಯಲ್ಲಿ ಮೂಳೆ ಗಟ್ಟಿಯಾಗುತ್ತದೆ, ಭಾರ ಬೀಳದ ಕಡೆ ಕರಗುತ್ತದೆ. ಇದೇ ರಿಮಾಡಲಿಂಗ್. ಫಿಲ್ಮ್‌ನಲ್ಲಿ ಉಬ್ಬು ನಿಧಾನವಾಗಿ ತೆಳ್ಳಗಾಗುತ್ತದೆ, ಮೊದಲು ಕ್ಯಾಲಸ್ ಒಳಗೆ ಮಾಸಿಹೋಗಿದ್ದ ಹೊರಗೋಡೆಯ ಬಿಳಿ ಪಟ್ಟಿ ಮತ್ತೆ ಬೇರೆಯಾಗಿ ಎದ್ದು ಕಾಣುತ್ತದೆ. ವಯಸ್ಕರಲ್ಲಿ ಇದು ವರ್ಷಗಟ್ಟಲೆ ನಡೆಯುತ್ತದೆ. ಮಕ್ಕಳಲ್ಲಿ ಸ್ವಲ್ಪ ಸೊಟ್ಟಗಿರುವ ಮೂಳೆಯನ್ನೂ ಇದು ನೇರ ಮಾಡಬಲ್ಲದು. ತಿರುಚಿ ಕೂಡಿದ್ದನ್ನು ಮಾತ್ರ ಸರಿ ಮಾಡಲಾರದು.

ಎಂಟನೇ ತಿಂಗಳಲ್ಲಿ 11 ಇದ್ದ ನಮ್ಮ ಚಾಲಕರ ಫಿಲ್ಮ್ ಒಂದೂವರೆ ವರ್ಷಕ್ಕೆ 12 ಆಯಿತು. ಮುಂಭಾಗದ ಗೆರೆ ಕೊನೆಗೂ ಹೋಗಿತ್ತು. ಹಿಂಭಾಗದಲ್ಲಿ ಸಣ್ಣ ಉಬ್ಬು ಉಳಿದಿತ್ತು. ಅದನ್ನು ಮುಟ್ಟಿ ನೋಡಿ "ಗಂಟು ಇದೆಯಲ್ಲ ಡಾಕ್ಟ್ರೇ, ಮತ್ತೆ ಏನಾದ್ರೂ ಆಗಿದೆಯಾ?" ಎಂದು ಕೇಳಿದರೆ, ಹಳೆಯ ಫಿಲ್ಮ್‌ಗಳನ್ನು ಸಾಲಾಗಿ ಹಿಡಿದು ಆ ಉಬ್ಬು ಎಷ್ಟು ದೊಡ್ಡದಿತ್ತು, ಈಗ ಎಷ್ಟಾಗಿದೆ ಎಂದು ಅವರಿಗೇ ತೋರಿಸಿ.